ಐದು ಗ್ರಾಂ ಪುಡಿಗೆ ಎಷ್ಟು ಲೋಟ ನೀರು?

ಈಗಿನ ಜಿಮ್‌ಗಳಲ್ಲಿ ಡಂಬೆಲ್‌ಗಳಷ್ಟೇ ಎದ್ದು ಕಾಣುವ ವಸ್ತುವೆಂದರೆ ಹಿಡಿಕೆಯಿರುವ ದೊಡ್ಡ ನೀರಿನ ಬಾಟಲಿ. ಒಂದು ಗ್ಯಾಲನ್, ಅಂದರೆ ಹೆಚ್ಚುಕಡಿಮೆ 3.8 ಲೀಟರ್ ಹಿಡಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಇಷ್ಟು, ಹತ್ತಕ್ಕೆ ಇಷ್ಟು ಅಂತ ಅದರ ಮೈಮೇಲೆ ಗೆರೆ ಎಳೆದಿರುತ್ತಾರೆ. ಅದನ್ನು ಹೊತ್ತವರಲ್ಲಿ ಹೆಚ್ಚಿನವರು ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುವವರು. ಯಾಕಪ್ಪಾ ಇಷ್ಟು ನೀರು ಅಂತ ಕೇಳಿದರೆ ಟ್ರೇನರ್ ಹೇಳಿದ ಮಾತನ್ನೇ ಒಪ್ಪಿಸುತ್ತಾರೆ: "ಕ್ರಿಯೇಟಿನ್ ತಗೊಂಡ್ರೆ ದಿನಕ್ಕೆ ಐದು ಲೀಟರ್ ಕುಡೀಲೇಬೇಕು ಸಾರ್, ಇಲ್ಲಾಂದ್ರೆ ಕಿಡ್ನಿ ಹೋಗುತ್ತೆ."

ಈ ಐದು ಲೀಟರ್ ಎಲ್ಲಿಂದ ಬಂತು ಎಂದು ಹುಡುಕಿದರೆ ಯಾವ ಲೆಕ್ಕವೂ ಸಿಗುವುದಿಲ್ಲ, ಹಳೆಯದೊಂದು ಭಯ ಸಿಗುತ್ತದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಕ್ರಿಯೇಟಿನ್ ಆಗಷ್ಟೇ ಅಂಗಡಿಗಳಿಗೆ ಬಂದು ಹೆಸರು ಮಾಡುತ್ತಿದ್ದ ಕಾಲವದು. ಅನುಮಾನ ಅದರ ಮೇಲೆ ತಿರುಗಿತು. ತನಿಖೆಯಲ್ಲಿ ಕಂಡದ್ದೇ ಬೇರೆ. ಮೂವರೂ ಪಂದ್ಯದ ತೂಕಕ್ಕೆ ಇಳಿಯಲು ಬೆವರು ಹೊರಹೋಗದಂಥ ಉಡುಪು ತೊಟ್ಟು, ಬಿಸಿ ಜಾಗದಲ್ಲಿ, ನೀರು ಕುಡಿಯದೆ ಗಂಟೆಗಟ್ಟಲೆ ಕಸರತ್ತು ಮಾಡಿದ್ದರು. 1998ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿದ ವರದಿ ಅವಸರದಲ್ಲಿ ತೂಕ ಇಳಿಸುವ ಈ ಪದ್ಧತಿಯತ್ತಲೇ ಬೊಟ್ಟು ಮಾಡಿತು. ಆದರೆ ಕ್ರಿಯೇಟಿನ್ ಅಂದರೆ ಮೈಯ ನೀರು ಬತ್ತಿಸುವ ಪುಡಿ ಎಂಬ ಮಾತು ಅಷ್ಟರಲ್ಲಿ ಬಾಯಿಂದ ಬಾಯಿಗೆ ಹರಡಿಯಾಗಿತ್ತು. ಮುಂದೆ 2003ರಲ್ಲಿ ಅಲ್ಲಿಯ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರಿಯೇಟಿನ್ ತೆಗೆದುಕೊಂಡವರಿಗೆ ಸ್ನಾಯು ಸೆಳೆತವಾಗಲಿ ನಿರ್ಜಲೀಕರಣವಾಗಲಿ ಹೆಚ್ಚಾಗಿರಲಿಲ್ಲ. ಉಳಿದವರಿಗಿಂತ ಕಡಿಮೆಯೇ ಇತ್ತು. ಮಾತು ಮಾತ್ರ ನಿಲ್ಲಲಿಲ್ಲ.

ಹಾಗಾದರೆ ಈ ಪುಡಿಗೂ ನೀರಿಗೂ ಸಂಬಂಧವೇ ಇಲ್ಲವೇ? ಇದೆ. ಎಷ್ಟಿದೆ ಎಂಬುದು ಪ್ರಶ್ನೆ.

ಕ್ರಿಯೇಟಿನ್ ಹೊರಗಿನಿಂದ ಬಂದ ರಾಸಾಯನಿಕವೇನಲ್ಲ. ನಮ್ಮ ಯಕೃತ್ತು, ಮೂತ್ರಪಿಂಡಗಳೇ ಸೇರಿ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಅಷ್ಟೋ ಇಷ್ಟೋ ಸಿಗುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಸಾಮಾನ್ಯವಾಗಿ ಇದರ ದಾಸ್ತಾನು ಕಡಿಮೆ, ಹಾಗಾಗಿ ಪುಡಿಯ ಪರಿಣಾಮ ಅವರಲ್ಲಿ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. 70 ಕಿಲೋ ತೂಗುವ ಗಂಡಸಿನ ಮೈಯಲ್ಲಿ ಒಟ್ಟು 120 ಗ್ರಾಂನಷ್ಟು ಕ್ರಿಯೇಟಿನ್ ಇರುತ್ತದೆ ಎಂಬುದು ಅಂದಾಜು, ಅದರಲ್ಲಿ ನೂರಕ್ಕೆ 95 ಪಾಲು ಸ್ನಾಯುಗಳಲ್ಲೇ. ಭಾರ ಎತ್ತುವ ಆ ಕೆಲವೇ ಸೆಕೆಂಡುಗಳಲ್ಲಿ ಸ್ನಾಯುವಿಗೆ ಶಕ್ತಿಯನ್ನು ಮತ್ತೆ ತುಂಬಿಕೊಡುವುದು ಇದರ ಕೆಲಸ.

ಹೊರಗಿನಿಂದ ಪುಡಿ ತೆಗೆದುಕೊಂಡಾಗ ಸ್ನಾಯುವಿನ ಜೀವಕೋಶದೊಳಗೆ ಕ್ರಿಯೇಟಿನ್ ಹೆಚ್ಚುತ್ತದೆ. ಅದರ ಜೊತೆಗೆ ಸೋಡಿಯಂ ಕೂಡ ಒಳಹೋಗುತ್ತದೆ. ಒಳಗಿನ ದ್ರವ ಗಟ್ಟಿಯಾದರೆ ಹೊರಗಿನ ನೀರು ಒಳಗೆ ನುಗ್ಗಿ ಅದನ್ನು ಸರಿದೂಗಿಸಬೇಕು, ಅದು ಪ್ರಕೃತಿ ನಿಯಮ. ಹೀಗಾಗಿ ಮೊದಲ ವಾರದಲ್ಲಿ ತೂಕ ಒಂದೋ ಒಂದೂವರೆಯೋ ಕಿಲೋ ಏರುತ್ತದೆ. ಏರಿದ್ದರಲ್ಲಿ ಬಹುಪಾಲು ನೀರೇ. ಆ ದಿನಗಳಲ್ಲಿ ಮೂತ್ರ ಸ್ವಲ್ಪ ಕಡಿಮೆ ಹೋಗುವುದೂ ಇದೇ ಕಾರಣಕ್ಕೆ. ನೀರು ಮೈಬಿಟ್ಟು ಹೋಗಿಲ್ಲ, ಸ್ನಾಯುವಿನೊಳಗೆ ಸೇರಿಕೊಂಡಿದೆ. ಬತ್ತಿಸುವ ಪುಡಿ ಎಂಬ ಮಾತಿಗೆ ಇದು ತದ್ವಿರುದ್ಧ.

ಈಗ ಲೆಕ್ಕ ಹಾಕೋಣ. ವಾರದಲ್ಲಿ ಒಂದೂವರೆ ಲೀಟರ್ ನೀರು ಸ್ನಾಯುವಿಗೆ ಹೋಯಿತೆಂದರೆ ದಿನಕ್ಕೆ 200 ಮಿಲಿಲೀಟರ್ ಚಿಲ್ಲರೆ ಆಯಿತು. ಅಂದರೆ ಒಂದು ಲೋಟ. ಅದೂ ದಿನಕ್ಕೆ 20 ಗ್ರಾಂ ನುಂಗುವ ಲೋಡಿಂಗ್ ವಾರದಲ್ಲಿ ಮಾತ್ರ. ಲೋಡಿಂಗ್ ಗೊಡವೆಯೇ ಬೇಡವೆಂದು ದಿನಕ್ಕೆ 3 ಗ್ರಾಂನಂತೆ ತೆಗೆದುಕೊಂಡವರ ಸ್ನಾಯುಗಳೂ 28 ದಿನಗಳಲ್ಲಿ ಅದೇ ಮಟ್ಟಕ್ಕೆ ತುಂಬಿದ್ದನ್ನು ಸ್ವೀಡನ್ನಿನ ಎರಿಕ್ ಹುಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದಾರೆ. ಅಂಥವರಿಗೆ ಈ ಹೆಚ್ಚುವರಿ ನೀರು ದಿನಕ್ಕೆ ಕೆಲವು ಗುಟುಕಿನ ಮಾತು. ಒಮ್ಮೆ ಸ್ನಾಯು ತುಂಬಿದ ಮೇಲೆ ಅಷ್ಟೂ ಬೇಕಿಲ್ಲ.

ಆದರೆ ತುಂಬಿದ ಮೇಲೆ ಹೆಚ್ಚಾದ ಕ್ರಿಯೇಟಿನ್ ಮೂತ್ರದಲ್ಲಿ ಹೊರಹೋಗಬೇಕಲ್ಲ, ಅದನ್ನು ತೊಳೆದು ಕಳಿಸಲು ನೀರು ಬೇಡವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಮೂತ್ರಪಿಂಡಕ್ಕೆ ಎಷ್ಟು ನೀರು ಬೇಕೆಂಬುದು ಕರಗಿದ ಕಣಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. 5 ಗ್ರಾಂ ಕ್ರಿಯೇಟಿನ್ ಅಷ್ಟೂ ಹಾಗೇ ಹೊರಬಿತ್ತು ಎಂದೇ ಇಟ್ಟುಕೊಳ್ಳಿ. ಅದರ ಕಣಗಳನ್ನು ಮಧ್ಯಮ ಹದದ ಮೂತ್ರದಲ್ಲಿ ಸಾಗಿಸಲು 60 ಮಿಲಿಲೀಟರ್ ನೀರು ಸಾಕು, ಹೋಟೆಲಿನ ಬೈಟು ಕಾಫಿಯಷ್ಟು. ಅಷ್ಟೇ ತೂಕದ ಅಡುಗೆ ಉಪ್ಪಿಗೆ ಇದರ ಐದು ಪಟ್ಟು ನೀರು ಬೇಕು, ಏಕೆಂದರೆ ಉಪ್ಪಿನ ಕಣಗಳು ಚಿಕ್ಕವು, ನೀರಿಗೆ ಬಿದ್ದೊಡನೆ ಒಡೆದು ಎರಡಾಗುತ್ತವೆ. ಇನ್ನು ಅದೇ ಹುಡುಗ ಅದೇ ಶೇಕರ್‌ನಲ್ಲಿ ಕಲಕಿ ಕುಡಿಯುವ ಒಂದು ಸ್ಕೂಪ್ ವ್ಹೇ ಪ್ರೊಟೀನ್ ಇದೆಯಲ್ಲ, ಅದರ 24 ಗ್ರಾಂ ಪ್ರೊಟೀನ್ ಪೂರ್ತಿ ಉರಿದು ಯೂರಿಯಾ ಆದರೆ ಅದನ್ನು ಹೊರಹಾಕಲು ಒಂದು ದೊಡ್ಡ ಲೋಟ ನೀರೇ ಬೇಕು. ಕ್ರಿಯೇಟಿನ್ ಡಬ್ಬಿ ಕಂಡರೆ ಬೆದರುವವರು ಉಪ್ಪಿನಕಾಯಿ ಭರಣಿಯನ್ನೂ ಪ್ರೊಟೀನ್ ಡಬ್ಬಿಯನ್ನೂ ಹೇಗೆ ಸುಮ್ಮನೆ ಬಿಟ್ಟರೋ ನನಗೆ ತಿಳಿಯದು.

ಪುಡಿಗೆ ನೀರು ನಿಜವಾಗಿ ಬೇಕಾಗುವುದು ಬೇರೊಂದು ಕಡೆ, ಶೇಕರ್‌ನೊಳಗೆ. ಕ್ರಿಯೇಟಿನ್ ಮಾನೋಹೈಡ್ರೇಟ್ ಸುಲಭವಾಗಿ ಕರಗುವ ಜಾತಿಯದ್ದಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 14 ಗ್ರಾಂ ಮಾತ್ರ ಕರಗುತ್ತದೆ. ಅಂದರೆ 5 ಗ್ರಾಂ ಪೂರ್ತಿ ಕರಗಲು 350 ಮಿಲಿಲೀಟರ್ ಬೇಕು. ಫ್ರಿಜ್ಜಿನ ತಣ್ಣೀರಾದರೆ 800 ಮಿಲಿಲೀಟರಿಗೂ ಹೆಚ್ಚು. ಅರ್ಧ ಲೋಟ ತಣ್ಣೀರಿಗೆ ಸುರಿದು ಕಲಕಿದವರ ಲೋಟದ ತಳದಲ್ಲಿ ಮರಳಿನಂತೆ ಕೂತಿರುತ್ತದಲ್ಲ, ಅದು ಕಲಬೆರಕೆಯ ಗುರುತಲ್ಲ, ಕರಗದೆ ಉಳಿದ ಕ್ರಿಯೇಟಿನ್. ಅದನ್ನು ಹಾಗೇ ನುಂಗಿದರೂ ಹಾಳಾಗುವುದಿಲ್ಲ, ಮೈಗೆ ಹತ್ತುತ್ತದೆ. ಆದರೆ ಒಂದೇ ಸಲಕ್ಕೆ 10 ಗ್ರಾಂ ನುಂಗಿದಾಗ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಕರುಳಿನಲ್ಲಿ ಉಳಿದ ಪುಡಿ ಅಲ್ಲಿಗೇ ನೀರು ಎಳೆದು ಭೇದಿಯಾಗುತ್ತದೆ. ಕ್ರಿಯೇಟಿನ್‌ನಿಂದ ಯಾರದಾದರೂ ಮೈಯ ನೀರು ನಿಜವಾಗಿ ಕಡಿಮೆಯಾಗುವುದಿದ್ದರೆ ಅದು ಹೀಗೆಯೇ. ಉಗುರುಬೆಚ್ಚಗಿನ ಒಂದೂವರೆ ಲೋಟ ನೀರಿಗೆ 3ರಿಂದ 5 ಗ್ರಾಂ ಹಾಕಿ, ಕದಡಿ, ಊಟದ ಜೊತೆ ಕುಡಿದರೆ ಈ ರಗಳೆ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ದಿನದ ನೀರಿನ ಪ್ರಮಾಣಕ್ಕೆ ಬರೋಣ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದು ಗಂಡಸರಿಗೆ ದಿನಕ್ಕೆ 2.5 ಲೀಟರ್, ಹೆಂಗಸರಿಗೆ 2 ಲೀಟರ್. ಇದು ಹಿತವಾದ ಹವೆಯಲ್ಲಿ, ಸಾಧಾರಣ ದುಡಿಮೆಯವರಿಗೆ ಹೇಳಿದ್ದು. ಇದರಲ್ಲಿ ಊಟದಲ್ಲಿರುವ ನೀರೂ ಸೇರಿದೆ ಎಂಬುದನ್ನು ಓದುಗರು ಬಹಳ ಸಲ ಮರೆಯುತ್ತಾರೆ. ನಮ್ಮ ಊಟದಲ್ಲಿ ನೀರಿಗೆ ಬರವಿಲ್ಲ. ಅನ್ನದಲ್ಲಿ, ಮುದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸಾರು, ಹುಳಿ, ಮಜ್ಜಿಗೆ ಅಂತೂ ಹೇಳುವುದೇ ಬೇಡ. ಕಾಫಿ, ಟೀ ಲೆಕ್ಕಕ್ಕಿಲ್ಲ ಎನ್ನುವುದೂ ಹಳೆಯ ನಂಬಿಕೆ. ದಿನವೂ ಕುಡಿದು ರೂಢಿಯಿದ್ದವರಿಗೆ ಎರಡು ಮೂರು ಲೋಟ ಕಾಫಿ ನೀರಿನ ಲೆಕ್ಕಕ್ಕೇ ಸೇರುತ್ತದೆ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಊರು ರಾಯಚೂರು, ತಿಂಗಳು ಏಪ್ರಿಲ್, ತೂಕ 70 ಕಿಲೋ. ಹಗಲು ಮೊಬೈಲ್ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೆಲಸ, ಸಂಜೆ ಎ.ಸಿ. ಇಲ್ಲದ ಜಿಮ್. ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ತೆಗೆದುಕೊಳ್ಳಲು ಶುರುಮಾಡಿ ಎರಡು ತಿಂಗಳಾಗಿದೆ. ಎಷ್ಟು ಕುಡಿಯಬೇಕೆಂದು ಅವನು ಯಾರನ್ನೂ ಕೇಳಬೇಕಾಗಿಲ್ಲ, ಜಿಮ್‌ನಲ್ಲಿರುವ ತೂಕದ ಯಂತ್ರ ಸಾಕು. ಕಸರತ್ತಿಗೆ ಮೊದಲು ಮೂತ್ರಕ್ಕೆ ಹೋಗಿಬಂದು, ಬರೀ ಚಡ್ಡಿಯಲ್ಲಿ ತೂಕ ನೋಡುತ್ತಾನೆ: 70.6 ಕಿಲೋ. ಒಂದು ಗಂಟೆಯ ಕಸರತ್ತಿನ ನಡುವೆ 400 ಮಿಲಿಲೀಟರ್ ನೀರು ಕುಡಿಯುತ್ತಾನೆ. ಮುಗಿದ ಮೇಲೆ ಟವೆಲಿನಲ್ಲಿ ಮೈ ಒರೆಸಿಕೊಂಡು ಮತ್ತೆ ನೋಡಿದರೆ 69.8. ಬೆವರಿನ ಬಟ್ಟೆಯಲ್ಲೇ ತೂಗಿದರೆ ಲೆಕ್ಕ ತಪ್ಪುತ್ತದೆ, ಒದ್ದೆ ಟೀ ಶರ್ಟ್ ಹೀರಿಕೊಂಡ ನೀರೂ ತೂಗುತ್ತದೆ. ತೂಕ ಇಳಿದದ್ದು 800 ಗ್ರಾಂ, ಅದಕ್ಕೆ ಕುಡಿದ 400 ಸೇರಿಸಿದರೆ ಬೆವರಿದ್ದು 1.2 ಲೀಟರ್.

ಮೈಗೆ ಆಗ ಕೊರತೆಯಿರುವುದು 800 ಮಿಲಿಲೀಟರ್. ಕುಡಿದದ್ದರಲ್ಲಿ ಒಂದು ಪಾಲು ಮೂತ್ರವಾಗಿ ಹೋಗುವುದರಿಂದ ಅದಕ್ಕಿಂತ ಸ್ವಲ್ಪ ಹೆಚ್ಚು, 1ರಿಂದ 1.2 ಲೀಟರ್, ಮಲಗುವವರೆಗೆ ನಿಧಾನವಾಗಿ ಒಳಗೆ ಹೋಗಬೇಕು. ಉಪ್ಪಿರುವ ಊಟದ ಜೊತೆ ಹೋದರೆ ಒಳ್ಳೆಯದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಉಳಿದಂತೆ ದಿನದುದ್ದಕ್ಕೂ ಬಾಯಾರಿದಾಗ ಕುಡಿಯುವುದು, ಕಾಫಿ ಮಜ್ಜಿಗೆ ಎಲ್ಲ ಸೇರಿ, ಸುಮಾರು ಎರಡು ಲೀಟರ್ ಎನ್ನೋಣ. ಕಸರತ್ತಿನ ನಡುವಿನದ್ದೂ ಆಮೇಲಿನದ್ದೂ ಕೂಡಿಸಿದರೆ ಅವನ ದಿನ ಮೂರೂವರೆ ಲೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪುಡಿ ಕದಡಿದ 350 ಮಿಲಿಲೀಟರ್ ಇದರೊಳಗೇ ಬಂತು, ಮೇಲಿನದ್ದಲ್ಲ.

ಇದೇ ಹುಡುಗ ಇದೇ ಡಬ್ಬಿ ಹಿಡಿದು ಆಗಸ್ಟಿನಲ್ಲಿ ಮಡಿಕೇರಿಗೆ ಹೋದರೆ ಎರಡು ಲೀಟರ್ ಕುಡಿಯುವುದೇ ಹೆಚ್ಚು. ಪುಡಿ ಅದೇ, ಬೆವರು ಅದಲ್ಲ. ಬಿಸಿಲಲ್ಲಿ ದಿನವಿಡೀ ಬೈಕ್ ಓಡಿಸುವವನಿಗೆ, ಗಾರೆ ಕೆಲಸದವನಿಗೆ ಕ್ರಿಯೇಟಿನ್ ಹೆಸರೇ ಗೊತ್ತಿಲ್ಲದಿದ್ದರೂ ನಾಲ್ಕೈದು ಲೀಟರ್ ಬೇಕಾದೀತು. ಐದು ಲೀಟರ್ ಎಂಬ ಸಂಖ್ಯೆ ಎಲ್ಲರಿಗೂ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ತೀರ್ಮಾನಿಸುವುದು ಡಬ್ಬಿಯಲ್ಲ, ಬೆವರು.

ಬೆವರು ಕಡಿಮೆಯಿದ್ದೂ ಐದು ಲೀಟರ್ ಕುಡಿದರೆ? ಬಹಳ ಜನರಿಗೆ ರಾತ್ರಿ ಮೂರು ಸಲ ಏಳುವುದು ಬಿಟ್ಟರೆ ಏನೂ ಆಗುವುದಿಲ್ಲ. ಆರೋಗ್ಯವಂತ ಮೂತ್ರಪಿಂಡ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ಹೊರಹಾಕಬಲ್ಲದು. ಅಪಾಯವಿರುವುದು ಹಗಲು ಮರೆತ ನೀರನ್ನು ಸಂಜೆ ಒಂದೇ ಪಟ್ಟಿಗೆ ಮುಗಿಸುವುದರಲ್ಲಿ, ಅದರಲ್ಲೂ ಬೆವರಿ ಉಪ್ಪು ಕಳೆದುಕೊಂಡ ಹೊತ್ತಿನಲ್ಲಿ. ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಮಟ್ಟ ಇಳಿದಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಎದ್ದು ಕಾಣುತ್ತಿತ್ತು. ಇದರ ಲಕ್ಷಣಗಳೇ ಮೋಸದವು: ತಲೆನೋವು, ವಾಕರಿಕೆ, ಮಂಕು. ನೀರು ಕಡಿಮೆಯಾದಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಪಕ್ಕದವರು ಇನ್ನೂ ಒಂದು ಬಾಟಲಿ ನೀರು ಕುಡಿಸಿಬಿಡುತ್ತಾರೆ. ತೂಕ ಇಳಿಯುವ ಬದಲು ಏರಿದ್ದರೆ, ಬಾಯಾರಿಕೆ ಇಲ್ಲದಿದ್ದರೆ, ಬೆರಳಿನ ಉಂಗುರ ಬಿಗಿಯಾಗಿದ್ದರೆ ನೀರು ಕೊಡಬಾರದು. ವಾಂತಿ ಅಥವಾ ಗೊಂದಲ ಶುರುವಾಗಿದ್ದರೆ ಆಸ್ಪತ್ರೆಗೇ ಹೋಗಬೇಕು.

ಜಿಮ್ ಗೋಡೆಗಳಲ್ಲಿ, ಬಚ್ಚಲು ಬಾಗಿಲ ಹಿಂದೆ ಅಂಟಿಸಿರುವ ಮೂತ್ರದ ಬಣ್ಣದ ಪಟ್ಟಿಯನ್ನು ಹಲವರು ನೋಡಿರಬಹುದು. ಮಾಸಲು ಹಳದಿಯಿಂದ ಹಿಡಿದು ಕಂದು ಹಸಿರಿನವರೆಗೆ ಎಂಟು ಪಟ್ಟೆಗಳಿರುವ ಇದರ ಮೂಲರೂಪವನ್ನು 1994ರಲ್ಲಿ ಅಮೆರಿಕದ ಲಾರೆನ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಮುಂದಿಟ್ಟರು. ಇದರ ಹಿಂದಿನ ತರ್ಕ ಸರಳ. ಹಳೆಯ ಕೆಂಪು ರಕ್ತಕಣಗಳು ದಿನವೂ ಒಡೆಯುತ್ತವೆ, ಅವುಗಳ ಬಣ್ಣದ ಅಂಶ ಕೊನೆಗೆ ಹಳದಿ ವರ್ಣಕವಾಗಿ ಮೂತ್ರಕ್ಕೆ ಬರುತ್ತದೆ. ಈ ವರ್ಣಕ ದಿನವೂ ಹೆಚ್ಚುಕಡಿಮೆ ಅಷ್ಟೇ. ಅದು ಎಷ್ಟು ನೀರಿನಲ್ಲಿ ಕದಡಿದೆ ಎಂಬುದರ ಮೇಲೆ ಬಣ್ಣ ತಿಳಿಯಾಗುತ್ತದೆ ಇಲ್ಲವೇ ಗಾಢವಾಗುತ್ತದೆ. ಕ್ರಿಯೇಟಿನ್‌ಗೆ ಬಣ್ಣವಿಲ್ಲ. ಅದು ಒಡೆದಾಗ ಆಗುವ ಕ್ರಿಯಾಟಿನಿನ್‌ಗೂ ಇಲ್ಲ. ಪುಡಿ ಶುರುಮಾಡಿದ ಮೇಲೆ ಮೂತ್ರದ ಬಣ್ಣ ಬದಲಾಯಿತು ಎಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಪಟ್ಟಿ ಸರಿಯಾಗಿಯೇ ಇದೆ, ನೋಡುವ ರೀತಿಯಲ್ಲಿ ಎಡವಟ್ಟಾಗುತ್ತದೆ. ಕಮೋಡಿನ ನೀರಿಗೆ ಬಿದ್ದ ಮೇಲೆ ನೋಡಿದರೆ ಬಣ್ಣ ತೆಳುವಾಗಿಯೇ ಕಾಣುತ್ತದೆ. ನೀಲಿ ಕ್ಲೀನರ್ ಹಾಕಿದ್ದರೆ ಹಸಿರು ಕಂಡು ಗಾಬರಿಯಾಗುತ್ತದೆ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿಯೇ. ಅನುಮಾನವಿದ್ದಾಗ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡುವುದೇ ದಾರಿ.

ಯಾವ ಹೊತ್ತಿನ ಮೂತ್ರ ಎಂಬುದು ಇನ್ನೂ ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣದ್ದು ಗಾಢವಾಗಿರುವುದು ಸಹಜ. ರಾತ್ರಿ ನಾವು ನೀರು ಕುಡಿದಿರುವುದಿಲ್ಲ, ನಮ್ಮ ನಿದ್ದೆ ಕೆಡದಿರಲೆಂದು ಮಿದುಳು ಒಂದು ಹಾರ್ಮೋನು ಕಳಿಸಿ ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಹೇಳಿರುತ್ತದೆ. ಆ ಬಣ್ಣ ನೋಡಿ ಹೆದರಿ ಗಟಗಟನೆ ಒಂದು ಲೀಟರ್ ಕುಡಿಯುವವರಿದ್ದಾರೆ. ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ನೀರಿನಂತೆ ತಿಳಿಯಾಗಿ ಬರುತ್ತದೆ. ಆದರೆ ಅದು ಈಗಷ್ಟೇ ಕುಡಿದದ್ದರ ಸುದ್ದಿ ಹೇಳುತ್ತದೆಯೇ ಹೊರತು ಮೈ ಪೂರ್ತಿ ತಣಿಯಿತೆಂದಲ್ಲ. ಹಿಂದಿನ ಸಂಜೆ ಚೆನ್ನಾಗಿ ಬೆವರಿದವನ ಮೈಗೆ ಇನ್ನೂ ನೀರು ಬೇಕಿರಬಹುದು, ಒಂದೇ ಸಲ ಬಂದ ನೀರನ್ನು ಮೂತ್ರಪಿಂಡ ಹೊರಗೆ ತಳ್ಳಿರುತ್ತದೆ. ಕಸರತ್ತು ಮುಗಿದೊಡನೆ ಬರುವ ಮೂತ್ರವೂ ಅಷ್ಟೇ, ಅದರಲ್ಲಿ ಅರ್ಧ ಕಸರತ್ತಿಗೆ ಮುಂಚಿನದ್ದು. ನಂಬಬಹುದಾದದ್ದು ಮಧ್ಯಾಹ್ನದ್ದು, ಹಿಂದಿನ ಒಂದು ಗಂಟೆಯಲ್ಲಿ ಹೆಚ್ಚು ನೀರು ಕುಡಿಯದಿದ್ದಾಗಿನದ್ದು. ಅದು ತಿಳಿ ಹಳದಿಯಿದ್ದರೆ ಸರಿಯಿದೆ. ಮಧ್ಯಾಹ್ನವೂ, ಸಂಜೆಯೂ ಗಾಢವಾಗಿ, ಕಡಿಮೆ ಹೋಗುತ್ತಿದ್ದರೆ ನೀರು ಕಡಿಮೆಯಾಗಿದೆ. ದಿನವಿಡೀ ಬಣ್ಣವೇ ಇಲ್ಲದೆ ಹೋಗುತ್ತಿದ್ದರೆ ಅದು ಹೆಮ್ಮೆಪಡುವ ಸಂಗತಿಯಲ್ಲ, ಬೇಕಿಲ್ಲದ ನೀರು ಬಂದ ದಾರಿಯಲ್ಲೇ ಹೋಗುತ್ತಿದೆ ಅಷ್ಟೆ.

ಜಿಮ್ ಹುಡುಗರನ್ನು ಹೆಚ್ಚು ಬೇಸ್ತು ಬೀಳಿಸುವುದು ಬಿ2 ವಿಟಮಿನ್. ಬಿ ಕಾಂಪ್ಲೆಕ್ಸ್ ಮಾತ್ರೆ, ಮಲ್ಟಿವಿಟಮಿನ್, ಕೆಲವು ಪ್ರಿ ವರ್ಕೌಟ್ ಪುಡಿಗಳಲ್ಲಿ ಇದಿರುತ್ತದೆ. ನುಂಗಿದ ಒಂದೆರಡು ಗಂಟೆಗೆ ಮೂತ್ರ ಹೈಲೈಟರ್ ಪೆನ್ನಿನ ಹಳದಿಯಾಗಿ ಹೊಳೆಯುತ್ತದೆ. ಇದು ಪ್ರಖರ ಹಳದಿ, ಗಾಢ ಹಳದಿಯಲ್ಲ. ನೀರು ಕಡಿಮೆಯಾದ ಮೂತ್ರ ಮಂದವಾಗಿ ಕಂದಿನ ಕಡೆಗೆ ವಾಲುತ್ತದೆ. ಒಂದೆರಡು ದಿನ ಮಾತ್ರೆ ನಿಲ್ಲಿಸಿ ನೋಡಿದರೆ ಅನುಮಾನ ತೀರುತ್ತದೆ. ಬೀಟ್‌ರೂಟ್ ಪಲ್ಯ ತಿಂದ ಮರುದಿನ ಕೆಲವರಿಗೆ ಗುಲಾಬಿ ಬಣ್ಣ ಬರುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯಲ್ಲಿ ಕಿತ್ತಳೆಗೆಂಪು. ಇವೆಲ್ಲ ಎಷ್ಟು ನೀರು ಕುಡಿದರೂ ಪಟ್ಟಿಯ ಯಾವ ಪಟ್ಟೆಗೂ ಹೊಂದುವುದಿಲ್ಲ.

ಹೀಗಾಗಿ ಕ್ರೀಡಾ ವೈದ್ಯರು ಬಣ್ಣವೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಬೆಳಗಿನ ತೂಕ, ಮೂತ್ರದ ಬಣ್ಣ, ಬಾಯಾರಿಕೆ ಮೂರನ್ನೂ ಒಟ್ಟಿಗೆ ನೋಡುತ್ತಾರೆ. ತೂಕ ನಿನ್ನೆ ಮೊನ್ನೆಗಿಂತ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಇಳಿದಿದೆ (70 ಕಿಲೋದವನಿಗೆ 700 ಗ್ರಾಂ), ಬಣ್ಣ ಗಾಢವಾಗಿದೆ, ಬಾಯಿ ಒಣಗುತ್ತಿದೆ. ಮೂರರಲ್ಲಿ ಒಂದೇ ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ, ಎರಡಿದ್ದರೆ ನೀರು ಕಡಿಮೆಯಾಗಿರುವ ಸಾಧ್ಯತೆಯಿದೆ, ಮೂರೂ ಇದ್ದರೆ ಬಹುತೇಕ ಖಚಿತ. ಕ್ರಿಯೇಟಿನ್ ಹೊಸದಾಗಿ ಶುರುಮಾಡಿದವರಿಗೆ ಇಲ್ಲಿ ಒಂದು ತೊಡಕಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ವಾರದಲ್ಲಿ ಸ್ನಾಯುವಿನ ನೀರಿನಿಂದ ತೂಕ ಒಂದು ಕಿಲೋ ಏರಿದೆ, ನಿನ್ನೆಯ ಬೆವರಿನಿಂದ 800 ಗ್ರಾಂ ಇಳಿದಿದೆ ಎಂದುಕೊಳ್ಳಿ. ಯಂತ್ರದ ಮುಳ್ಳು ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ ನಿಲ್ಲುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆ ವಾರದ ಮಟ್ಟಿಗೆ ತೂಕವನ್ನು ಸಾಕ್ಷಿಯಾಗಿ ಹಿಡಿಯಬಾರದು. ಬಾಯಾರಿಕೆ ಮತ್ತು ಮಧ್ಯಾಹ್ನದ ಬಣ್ಣವೇ ಸಾಕು. ತೂಕ ಏರುವುದು ನಿಂತ ಮೇಲೆ ಎರಡು ಮೂರು ಬೆಳಿಗ್ಗೆಯ ಸರಾಸರಿ ತೆಗೆದು ಅದನ್ನೇ ಹೊಸ ಮೂಲವೆಂದು ಇಟ್ಟುಕೊಳ್ಳಬೇಕು.

ಮನೆಯಲ್ಲಿ ಕೂತು ನೀರು ಕುಡಿದು ಸರಿಪಡಿಸಬಾರದ ಬಣ್ಣವೊಂದಿದೆ. ತಿಂಗಳುಗಟ್ಟಲೆ ಬಿಟ್ಟು ಜಿಮ್‌ಗೆ ಮರಳಿದವನು ಮೊದಲ ದಿನವೇ ಹುಮ್ಮಸ್ಸಿನಲ್ಲಿ ನೂರಾರು ಬೈಠಕ್ ಹೊಡೆಯುತ್ತಾನೆ. ಒಂದೆರಡು ದಿನ ಕಳೆದು ತೊಡೆ ಊದಿ, ಮುಟ್ಟಿದರೆ ಚೀರುವಷ್ಟು ನೋವು, ಕಾಲಿನಲ್ಲಿ ಬಲವಿಲ್ಲ. ಮೂತ್ರ ಹಾಲಿಲ್ಲದ ಚಹಾದಂತೆ ಅಥವಾ ಕೋಲಾದಂತೆ ಬರುತ್ತದೆ. ಇದು ರ‍್ಯಾಬ್ಡೋಮಯೋಲಿಸಿಸ್, ಸ್ನಾಯುವಿನ ನಾರುಗಳೇ ಒಡೆದು ಅವುಗಳ ಕೆಂಪು ಪ್ರೊಟೀನ್ ಮೂತ್ರಕ್ಕೆ ಬಂದಿದೆ. ಪ್ರಯೋಗಾಲಯದಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ರಕ್ತವಿದೆ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣಗಳೇ ಇರುವುದಿಲ್ಲ. ಈ ವಿರೋಧಾಭಾಸವೇ ವೈದ್ಯರಿಗೆ ಸುಳಿವು ಕೊಡುತ್ತದೆ, ರಕ್ತದ ಸಿ.ಕೆ. ಪರೀಕ್ಷೆ ಖಚಿತಪಡಿಸುತ್ತದೆ. "ಕ್ರಿಯೇಟಿನ್ ತಗೋತಿದ್ದೀನಲ್ಲ, ಅದಕ್ಕೇ ಹೀಗೆ" ಎಂದು ಇನ್ನೆರಡು ಲೀಟರ್ ಕುಡಿದು ಮಲಗುವುದು ಮೂತ್ರಪಿಂಡಕ್ಕೆ ನಿಜವಾದ ಕುತ್ತು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಡ್ರಿಪ್ ಬೇಕಾಗಬಹುದು. ನೋವಿಲ್ಲದೆ ಕೆಂಪಾಗಿ ಹೋಗುವುದು, ಕಣ್ಣು ಹಳದಿಯಾಗಿ ಮೂತ್ರವೂ ಗಾಢವಾಗುವುದು, ಪ್ರತಿ ಸಲವೂ ನೊರೆ ಬಂದು ಹೊತ್ತಾದರೂ ಆರದಿರುವುದು, ಇವೂ ವೈದ್ಯರಿಗೆ ತೋರಿಸಬೇಕಾದವೇ.

ಈಗಾಗಲೇ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಹೃದಯದ ತೊಂದರೆಯಿಂದ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿದವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ, ಬಣ್ಣದ ಪಟ್ಟಿಯೂ ಅವರಿಗೆ ಮಾಡಿದ್ದಲ್ಲ. ಅವರು ಪುಡಿ ಕೊಳ್ಳುವ ಮೊದಲೇ ವೈದ್ಯರ ಬಳಿ ಮಾತಾಡಬೇಕು.

ಉಳಿದವರು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುವಾಗ ಒಂದು ಮಾತನ್ನು ಮರೆಯದೆ ಹೇಳಬೇಕು. ಮೈಯಲ್ಲಿರುವ ಕ್ರಿಯೇಟಿನ್‌ನಲ್ಲಿ ದಿನವೂ ನೂರಕ್ಕೆ ಒಂದೂಮುಕ್ಕಾಲು ಪಾಲಿನಷ್ಟು ತಾನಾಗಿಯೇ ಕ್ರಿಯಾಟಿನಿನ್ ಆಗುತ್ತದೆ. ದಾಸ್ತಾನು ಹೆಚ್ಚಿದರೆ ಅದೂ ತುಸು ಹೆಚ್ಚುತ್ತದೆ. ರಕ್ತದಲ್ಲಿ ಅದರ ಪ್ರಮಾಣ 1.0 ಇದ್ದದ್ದು 1.2 ಅಥವಾ 1.3 ಆಗಿ ಬಂದರೆ, ಅದನ್ನೇ ಆಧರಿಸಿ ಲೆಕ್ಕಹಾಕುವ ಯಂತ್ರ ಮೂತ್ರಪಿಂಡದ ಸಾಮರ್ಥ್ಯ ಕುಗ್ಗಿದೆ ಎಂದು ಮುದ್ರಿಸಿ ಕೊಡುತ್ತದೆ. ಹುಡುಗ ಬೆಚ್ಚಿಬಿದ್ದು ಬಾಟಲಿಗಟ್ಟಲೆ ನೀರು ಕುಡಿಯತೊಡಗುತ್ತಾನೆ, ಅಂಕಿ ಅಷ್ಟಕ್ಕೆಲ್ಲ ಇಳಿಯುವುದಿಲ್ಲ. ಕ್ರಿಯೇಟಿನ್ ತೆಗೆದುಕೊಳ್ಳುತ್ತಿದ್ದೇನೆಂದು ಮೊದಲೇ ಹೇಳಿದರೆ ವೈದ್ಯರು ಕೆಲವು ವಾರ ಪುಡಿ ನಿಲ್ಲಿಸಿ ಮತ್ತೆ ಪರೀಕ್ಷಿಸಲು ಹೇಳಬಹುದು, ಇಲ್ಲವೇ ಕ್ರಿಯೇಟಿನ್ ಸೋಂಕದ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯನ್ನು ಬರೆದುಕೊಡಬಹುದು. ರಕ್ತ ಕೊಡುವ ಹಿಂದಿನ ದಿನ ಕಾಲಿನ ಭಾರೀ ಕಸರತ್ತನ್ನೂ ಮಾಂಸದೂಟವನ್ನೂ ಬಿಟ್ಟಿದ್ದರೆ ಒಳ್ಳೆಯದು, ಅವೆರಡೂ ಆ ಅಂಕಿಯನ್ನು ಮೇಲಕ್ಕೆ ತಳ್ಳುತ್ತವೆ.